ಸರ್ವರ್ ಬದಲಾವಣೆ: 47 ಮೇಲ್‌ಗಳ ಬದಲು ಈ ಒಂದು

ವಿಷಯ: ಕೋರ್ಸ್ ಸೈಟ್ ಸರ್ವರ್ ಬದಲಾವಣೆ – ಇವತ್ತು ಸಂಜೆ 5ರೊಳಗೆ ನಿಮ್ಮಿಂದ ಎರಡು ಉತ್ತರ ಬೇಕು

ಮೇಡಂ, ನಮಸ್ಕಾರ.

ಸರ್ವರ್ ಬದಲಾವಣೆ ಬಗ್ಗೆ ಒಂಬತ್ತು ದಿನದಿಂದ ನಡೆಯುತ್ತಿರುವ ಮೇಲ್‌ಗಳಲ್ಲಿ ನಿಮ್ಮನ್ನೂ ಸಿಸಿಯಲ್ಲಿ ಇಟ್ಟಿದ್ದಾರೆ. ಇವತ್ತು ಬೆಳಿಗ್ಗೆಗೆ ಅವು 47 ಆಗಿವೆ. ನಾನು ಎಲ್ಲವನ್ನೂ ಮೊದಲಿನಿಂದ ಕೂತು ಓದಿದ್ದೇನೆ. ನೀವು ಅವನ್ನು ತೆರೆಯಬೇಕಾಗಿಲ್ಲ. ಮುಂದಿನ ಮೀಟಿಂಗ್‌ಗೆ ಹೋಗುವ ಮುಂಚೆ ಕೆಳಗಿನ ಗೆರೆಯವರೆಗೆ ಓದಿದರೆ ಸಾಕು.

ಈಗ ಎಲ್ಲಿದ್ದೇವೆ: ಶನಿವಾರ ರಾತ್ರಿ 11ಕ್ಕೆ ಹೊಸ ಸರ್ವರ್‌ಗೆ ಹೋಗಬೇಕೆಂದು ಇಟ್ಟುಕೊಂಡ ದಿನ ಇನ್ನೂ ಕೈಬಿಟ್ಟಿಲ್ಲ. ಹೊಸ ಸರ್ವರ್ ಸಿದ್ಧವಾಗಿದೆ. ಲಾಗಿನ್, ಹುಡುಕಾಟ, ನೋಂದಣಿ ಮೂರನ್ನೂ ಟೆಸ್ಟಿಂಗ್ ತಂಡ ನೋಡಿ ಸರಿ ಎಂದಿದೆ.

ತಡೆದಿರುವುದು ಒಂದೇ: ಬ್ಯಾಕಪ್ ತೆಗೆದಿದ್ದೇವೆ, ಆದರೆ ಅದನ್ನು ಒಮ್ಮೆಯೂ ರೀಸ್ಟೋರ್ ಮಾಡಿ ನೋಡಿಲ್ಲ. ಟೆಸ್ಟ್ ಮಶೀನ್‌ನಲ್ಲಿ ಜಾಗ ಇಲ್ಲ. 100 ಜಿಬಿ ಡಿಸ್ಕ್ ಮೂರು ದಿನಕ್ಕೆ ಬೇಕೆಂದು ಸೋಮವಾರ ಕಳಿಸಿದ ಕೋರಿಕೆ ನಿಮ್ಮ ಒಪ್ಪಿಗೆಗೆ ಕಾಯುತ್ತಿದೆ.

ನಿಮ್ಮಿಂದ ಬೇಕಾದದ್ದು: ಒಂದು, ಆ ಡಿಸ್ಕ್‌ಗೆ ಒಪ್ಪಿಗೆ. ಎರಡು, ಹಳೆ ಸರ್ವರ್ ಅರ್ಧಕ್ಕೆ ಕತ್ತರಿಸಿಬಿಟ್ಟ 32 ಕೋರ್ಸ್ ಹೆಸರುಗಳು ಹಾಗೇ ಇದ್ದರೂ ಶನಿವಾರ ಮುಂದುವರಿಯಬಹುದು ಎಂಬ ಒಂದು ಮಾತು.

ನನ್ನ ಅಭಿಪ್ರಾಯ: ಎರಡಕ್ಕೂ ಹೌದು ಅನ್ನಿ. ನಾಳೆ ಸಂಜೆಯೊಳಗೆ ರೀಸ್ಟೋರ್ ಸರಿ ಬಂದರೆ ಶನಿವಾರ ಹೋಗೋಣ. ಬರದಿದ್ದರೆ ಒಂದು ವಾರ ಮುಂದಕ್ಕೆ ಹಾಕೋಣ. ಹೆಸರುಗಳ ಕಾರಣಕ್ಕೆ ಮಾತ್ರ ಮುಂದಕ್ಕೆ ಹಾಕುವುದು ಬೇಡ.

---

ಇಲ್ಲಿಂದ ಕೆಳಗೆ ಬಿಡುವಾದಾಗ ನೋಡಿ. ನಾಳೆ ಯಾರಾದರೂ ಕಾರಿಡಾರ್‌ನಲ್ಲಿ ನಿಲ್ಲಿಸಿ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರಲಿ ಅಂತ ಬರೆದಿದ್ದೇನೆ.

ಬ್ಯಾಕಪ್ ವಿಷಯ

47 ಮೇಲ್‌ಗಳಲ್ಲಿ 29 ಕೋರ್ಸ್ ಹೆಸರುಗಳ ಬಗ್ಗೆ ಇವೆ. ಬ್ಯಾಕಪ್ ಬಗ್ಗೆ ಇರುವುದು ಮೂರೇ ಮೂರು. ಅದಕ್ಕೇ ಇದು ಯಾರ ಕಣ್ಣಿಗೂ ಬೀಳಲಿಲ್ಲ ಅನಿಸುತ್ತದೆ. ಆ ಮೂರನ್ನು ಇದ್ದ ಹಾಗೇ ಕೊಡುತ್ತೇನೆ.

12ನೇ ಮೇಲ್, ಡೇಟಾಬೇಸ್ ತಂಡ: "ಬ್ಯಾಕಪ್ ಆಗಿದೆ."

31ನೇ ಮೇಲ್, ಟೆಸ್ಟಿಂಗ್ ತಂಡ: "ಬ್ಯಾಕಪ್ ರೀಸ್ಟೋರ್ ಮಾಡಿ ನೋಡಿದ್ದೀರಾ?"

33ನೇ ಮೇಲ್, ಡೇಟಾಬೇಸ್ ತಂಡ: "ಇಲ್ಲ. ಫೈಲ್ 38 ಜಿಬಿ ಇದೆ, ಟೆಸ್ಟ್ ಮಶೀನ್‌ನಲ್ಲಿ 40 ಮಾತ್ರ ಖಾಲಿ. ಡಿಸ್ಕ್ ಕೇಳಿದ್ದೇನೆ."

ಅಂದರೆ ಫೈಲ್ ಇಟ್ಟರೆ ಅದನ್ನು ರೀಸ್ಟೋರ್ ಮಾಡಲು ಜಾಗ ಉಳಿಯುವುದಿಲ್ಲ. 34ನೇ ಮೇಲ್‌ನಿಂದ ಮಾತು ಮತ್ತೆ ಹೆಸರುಗಳ ಕಡೆ ತಿರುಗಿತು. "ಬ್ಯಾಕಪ್ ಆಗಿದೆ" ಎಂದವರು ಸುಳ್ಳು ಹೇಳಿಲ್ಲ, ಫೈಲ್ ಇರುವುದು ನಿಜ. ಓದಿದವರು ಮಾತ್ರ ಅದನ್ನು "ಏನಾದರೂ ಆದರೆ ವಾಪಸ್ ತರಬಹುದು" ಎಂದು ತಿಳಿದುಕೊಂಡರು. ಫೈಲ್ ತೆರೆದು, ಟೇಬಲ್‌ಗಳೆಲ್ಲ ಬಂದಿವೆ, ಕನ್ನಡ ಕನ್ನಡವಾಗೇ ಕಾಣುತ್ತಿದೆ ಎಂದು ನೋಡುವ ತನಕ ಹಾಗೆ ಹೇಳೋಕಾಗಲ್ಲ. ನಮ್ಮ ಡೇಟಾದಲ್ಲಿ ಅಕ್ಷರಗಳದ್ದೇ ತೊಂದರೆ ಇರುವುದರಿಂದ ಇದು ಇನ್ನೂ ಜಾಸ್ತಿ ಮುಖ್ಯ. ಬ್ಯಾಕಪ್ ತೆಗೆಯುವಾಗ ಅಕ್ಷರಗಳ ಸೆಟ್ಟಿಂಗ್ ತಪ್ಪಿದ್ದರೆ ಫೈಲ್ ಪೂರ್ತಿ ಇರುತ್ತದೆ, ಒಳಗಿನ ಕನ್ನಡ ಕೆಟ್ಟಿರುತ್ತದೆ. ಫೈಲ್‌ನ ಗಾತ್ರ ನೋಡಿದರೆ ಅದು ಗೊತ್ತಾಗುವುದಿಲ್ಲ.

ಹೆಸರುಗಳ ವಿಷಯ

"ಎಲ್ಲ ಕೋರ್ಸ್ ಹೆಸರೂ ಹಾಳಾಗಿದೆ" ಎಂದು ಎರಡು ಮೇಲ್‌ಗಳಲ್ಲಿ ಬರೆದಿದ್ದಾರೆ. ಹಾಗಾಗಿಲ್ಲ. ಎರಡು ಬೇರೆ ಬೇರೆ ತೊಂದರೆಗಳು ಒಂದರೊಳಗೊಂದು ಸೇರಿಕೊಂಡಿವೆ.

ಮೊದಲನೆಯದು ಬಗೆಹರಿದಿದೆ. ಹಳೆ ಸರ್ವರ್‌ನ ಟೇಬಲ್ `latin1` ಎಂಬ ಸೆಟ್ಟಿಂಗ್‌ನಲ್ಲಿದೆ. ಸೈಟ್ ಅದರೊಳಗೆ ಯುಟಿಎಫ್-8 ಕನ್ನಡವನ್ನು ತುಂಬಿಸುತ್ತಾ ಬಂದಿದೆ. ಹಾಕುವಾಗ ಹೇಗೋ ತೆಗೆಯುವಾಗಲೂ ಹಾಗೇ ತೆಗೆದಿದ್ದರಿಂದ ಇಷ್ಟು ವರ್ಷ ಯಾರಿಗೂ ತಿಳಿಯಲಿಲ್ಲ. ಹೊಸ ಸರ್ವರ್ `utf8mb4` ಎಂದು ಓದುತ್ತದೆ, ಅದಕ್ಕೆ "ಕ" ಎಂಬ ಅಕ್ಷರ `à²•` ಎಂದು ಕಂಡಿತು. ಪರದೆ ತುಂಬ ಅದೇ ಕಂಡಾಗ ಎಲ್ಲರೂ ಗಾಬರಿಯಾದದ್ದು ಸಹಜ. ಆದರೆ ಒಳಗಿನ ಬೈಟ್‌ಗಳು ಸರಿಯಾಗೇ ಇದ್ದವು. ಕಾಲಂ ಅನ್ನು ಮೊದಲು ಬರೀ ಬೈಟ್‌ಗಳಾಗಿ ಬದಲಿಸಿ, ಆಮೇಲೆ `utf8mb4` ಮಾಡಿದಾಗ ಕನ್ನಡ ವಾಪಸ್ ಬಂತು. ಡೇಟಾಬೇಸ್ ತಂಡ ಇದನ್ನು ಪರೀಕ್ಷೆಯ ಕಾಪಿಯೊಂದರಲ್ಲಿ ಮಾಡಿ ತೋರಿಸಿದೆ.

ಎರಡನೆಯದು ನಿಜವಾದ ನಷ್ಟ. ಹೆಸರಿನ ಕಾಲಂ `VARCHAR(60)`. `latin1`ನಲ್ಲಿ ಅಂದರೆ 60 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಗುರುತಿಗೂ 3 ಬೈಟ್ ಬೇಕು, ಒತ್ತಕ್ಷರ, ಗುಣಿತದ ಗುರುತುಗಳೂ ಲೆಕ್ಕಕ್ಕೆ ಸೇರುತ್ತವೆ. ಉದಾಹರಣೆಗೆ "ಲೆಕ್ಕಪತ್ರ ನಿರ್ವಹಣೆ ತರಬೇತಿ". ಇದರಲ್ಲಿ 23 ಗುರುತು, 2 ಖಾಲಿ ಜಾಗ. ಒಟ್ಟು 71 ಬೈಟ್. ಹಳೆ ಸರ್ವರ್‌ನಲ್ಲಿ ಸ್ಟ್ರಿಕ್ಟ್ ಮೋಡ್ ಆಫ್ ಇದ್ದುದರಿಂದ ಅದು ಬೇಡ ಅನ್ನದೆ 60ಕ್ಕೆ ಕತ್ತರಿಸಿ ಉಳಿಸಿಕೊಂಡಿತು. ಈಗ ಸೈಟ್‌ನಲ್ಲಿ "ಲೆಕ್ಕಪತ್ರ ನಿರ್ವಹಣೆ ತರ" ಎಂದು ಕಾಣುತ್ತದೆ, ಕೊನೆಯಲ್ಲಿ "ಬ"ದ ಮೂರರಲ್ಲಿ ಒಂದು ಬೈಟ್ ಮಾತ್ರ ಉಳಿದು ಪ್ರಶ್ನಾರ್ಥಕ ಚಿಹ್ನೆಯ ಚೌಕ ಬರುತ್ತದೆ. ಇಂಥ ಸಾಲು ಸಿಕ್ಕಾಗ ಮೊದಲ ಪ್ರಯತ್ನದಲ್ಲಿ ಪರಿವರ್ತನೆಯೂ ನಿಂತುಬಿಟ್ಟಿತು. "ಎಲ್ಲ ಹಾಳಾಗಿದೆ" ಎಂಬ ಮಾತು ಹುಟ್ಟಿದ್ದು ಆಗಲೇ.

ಎಷ್ಟು ಹೆಸರು ಹೀಗೆ ಕತ್ತರಿಸಿವೆ ಎಂದು ಹುಡುಕಿದ್ದು ಈ ಒಂದು ಸಾಲಿನಿಂದ:

```
SELECT COUNT(*) FROM courses WHERE LENGTH(title) >= 58;
```

ಕತ್ತರಿಸಿದ ಹೆಸರು ಸರಿಯಾಗಿ 60 ಬೈಟ್‌ಗೇ ನಿಲ್ಲುತ್ತದೆ, ಆದರೂ ಯಾವುದೂ ತಪ್ಪಿಹೋಗದಿರಲಿ ಎಂದು ಸ್ವಲ್ಪ ಹಿಂದಿನಿಂದ ಹುಡುಕಿದ್ದಾರೆ. 186 ಬಂದವು. ಕಂಟೆಂಟ್ ತಂಡದವರು ಒಂದೊಂದನ್ನೂ ತೆರೆದು ನೋಡಿದರು. 4 ಪೂರ್ತಿ ಇವೆ, 182 ಕತ್ತರಿಸಿವೆ. ಅದರಲ್ಲಿ 150ರ ಪೂರ್ತಿ ಹೆಸರು ಅಚ್ಚಾದ ಕೈಪಿಡಿಯಲ್ಲಿ ಸಿಕ್ಕಿದೆ, ಇಬ್ಬರು ಇವತ್ತು ಟೈಪ್ ಮಾಡುತ್ತಿದ್ದಾರೆ, ಸಂಜೆಗೆ ಮುಗಿಯುತ್ತದೆ. ಉಳಿದ 32ಕ್ಕೆ ಬೋಧಕರನ್ನೇ ಕೇಳಬೇಕು. ಕೆಲವರು ರಜೆಯಲ್ಲಿದ್ದಾರೆ.

ಆ 32 ಹೆಸರುಗಳು ಇವತ್ತೂ ಸೈಟ್‌ನಲ್ಲಿ ಅರ್ಧವೇ ಕಾಣುತ್ತಿವೆ. ಹೊಸ ಸರ್ವರ್‌ಗೆ ಹೋದರೆ ಅವು ಇನ್ನಷ್ಟು ಕೆಡುವುದಿಲ್ಲ. ಅಲ್ಲಿ ಕಾಲಂ ಅನ್ನು ಅಗಲ ಮಾಡಿದ್ದಾರೆ, ಹಾಗಾಗಿ ಬೋಧಕರಿಂದ ಉತ್ತರ ಬಂದ ಹಾಗೆ ಒಂದೊಂದನ್ನೇ ಸರಿಮಾಡಬಹುದು. ಹಳೆಯದರಲ್ಲಿ ಸರಿಮಾಡಿದರೆ ಮತ್ತೆ ಕತ್ತರಿಸುತ್ತದೆ, ಅಲ್ವಾ. ಅದಕ್ಕೇ ಹೆಸರುಗಳಿಗಾಗಿ ಕಾಯುವುದು ಬೇಡ ಎಂದೆ.

ಕಂಟೆಂಟ್ ತಂಡ ಇದಕ್ಕೆ ಒಪ್ಪಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. 41ನೇ ಮೇಲ್‌ನಲ್ಲಿ ಅವರು "ಹೊಸ ಸೈಟ್ ಅಂತ ಹೇಳಿ ಅರ್ಧ ಹೆಸರು ತೋರಿಸಿದರೆ ಜನ ನಮ್ಮನ್ನೇ ಕೇಳುತ್ತಾರೆ" ಎಂದಿದ್ದಾರೆ. ಫೋನ್ ತೆಗೆಯುವವರು ಅವರೇ, ಅವರ ಮಾತಿನಲ್ಲಿ ಹುರುಳಿದೆ. ನೀವು ಹೌದು ಅಂದರೆ, ಆ 32 ಕೋರ್ಸ್‌ಗಳ ಪುಟದಲ್ಲಿ "ಹೆಸರು ಸರಿಪಡಿಸಲಾಗುತ್ತಿದೆ" ಎಂಬ ಒಂದು ಸಾಲು ಹಾಕಿಸುತ್ತೇನೆ. ಅವರ ಜೊತೆ ನಾನೇ ಮಾತಾಡುತ್ತೇನೆ.

ಒಂದು ವಾರ ಕಾಯಬಹುದು, ಒಂದು ತಿಂಗಳು ಬೇಡ

ಹಳೆ ಸರ್ವರ್‌ನಲ್ಲಿರುವುದು ಮೈಎಸ್‌ಕ್ಯೂಎಲ್ 5.7. ಅದರ ಬೆಂಬಲ 2023ರ ಅಕ್ಟೋಬರ್‌ನಲ್ಲೇ ಮುಗಿದಿದೆ. ಭದ್ರತೆಯ ಹೊಸ ತೇಪೆಗಳು ಅದಕ್ಕೆ ಬರುವುದಿಲ್ಲ. ಹಾಗಾಗಿ ಮುಂದಕ್ಕೆ ಹಾಕಿದರೆ ಮುಂದಿನ ಶನಿವಾರಕ್ಕೇ ಹಾಕೋಣ, ದಿನ ಗೊತ್ತುಮಾಡದೆ ಬಿಡುವುದು ಬೇಡ.

ಸಂಜೆ 5 ಯಾಕೆ

ಇವತ್ತು ಡಿಸ್ಕ್ ಸಿಕ್ಕರೆ ನಾಳೆ ಬೆಳಿಗ್ಗೆ ರೀಸ್ಟೋರ್ ಶುರು. ಐದು ಗಂಟೆ ಹಿಡಿಯಬಹುದು ಎನ್ನುತ್ತಾರೆ. ಮಧ್ಯಾಹ್ನ ಪರಿಶೀಲನೆ, ನಾಳೆ ಸಂಜೆ 6ಕ್ಕೆ ನಿಮಗೆ ಹೌದು ಅಥವಾ ಇಲ್ಲ ಎಂಬ ಒಂದೇ ಸಾಲು ಕಳಿಸುತ್ತೇನೆ. ಶುಕ್ರವಾರ ಬೆಳಿಗ್ಗೆ ಡಿಎನ್‌ಎಸ್‌ನ ಟಿಟಿಎಲ್ ಅನ್ನು 86400 ಸೆಕೆಂಡ್‌ನಿಂದ 300ಕ್ಕೆ ಇಳಿಸಬೇಕು. ಅಂದರೆ ಹಳೆ ವಿಳಾಸವನ್ನು ಒಂದು ದಿನದ ಬದಲು ಐದು ನಿಮಿಷ ಮಾತ್ರ ನೆನಪಿಟ್ಟುಕೊಳ್ಳಿ ಎಂದು ಹೇಳುವುದು. ಹಳೆಯ ಒಂದು ದಿನದ ಲೆಕ್ಕ ತೀರಬೇಕಾದ್ದರಿಂದ ಬದಲಾವಣೆಗೆ ಕನಿಷ್ಠ 24 ಗಂಟೆ ಮುಂಚೆ ಇದು ಆಗಬೇಕು. ಒಪ್ಪಿಗೆ ನಾಳೆ ಬಂದರೆ ಈ ಲೆಕ್ಕದಲ್ಲಿ ಒಂದು ದಿನವೂ ಮಿಗುವುದಿಲ್ಲ.

ಬದಲಾದ ಮೇಲೆ ವಾಪಸ್ ಬರುವ ದಾರಿ ಭಾನುವಾರ ಬೆಳಿಗ್ಗೆ 6ರವರೆಗೆ ಮಾತ್ರ ಸುಲಭ. ಆಮೇಲೆ ಹೊಸ ನೋಂದಣಿಗಳು ಹೊಸ ಸರ್ವರ್‌ನಲ್ಲಿ ಸೇರುತ್ತಾ ಹೋಗುತ್ತವೆ, ಹಿಂದಕ್ಕೆ ಹೋದರೆ ಅವು ಕಳೆದುಹೋಗುತ್ತವೆ. ಅದಕ್ಕೆ ಆ ರಾತ್ರಿ ಡೇಟಾಬೇಸ್, ಟೆಸ್ಟಿಂಗ್ ಎರಡೂ ತಂಡದಿಂದ ಒಬ್ಬೊಬ್ಬರು ಎದ್ದಿರುತ್ತಾರೆ. ನಾನೂ ಇರುತ್ತೇನೆ. ನೀವು ಇರಬೇಕಾಗಿಲ್ಲ, ಫೋನ್ ಆನ್ ಇದ್ದರೆ ಸಾಕು.

ಬಿಟ್ಟದ್ದು

ಇದನ್ನು ಮೊದಲೇ ಯಾರು ನೋಡಬೇಕಿತ್ತು ಎಂಬ ಚರ್ಚೆ 18ರಿಂದ 24ನೇ ಮೇಲ್‌ವರೆಗೆ ಇದೆ. ಸ್ವಲ್ಪ ಬಿಸಿಯಾಗಿದೆ. ಶನಿವಾರದ ನಿರ್ಧಾರಕ್ಕೆ ಅದು ಬೇಕಿಲ್ಲದ್ದರಿಂದ ಇಲ್ಲಿ ತರಲಿಲ್ಲ. ಮುಖಪುಟದ ಬಣ್ಣ ಬದಲಿಸುವ ಸಲಹೆಯನ್ನೂ ಬಿಟ್ಟಿದ್ದೇನೆ, ಅದು ಬೇರೆ ಕೆಲಸ.

ಹೆಸರುಗಳ ಶೀಟ್ ಆರು ಬಾರಿ ಅಟ್ಯಾಚ್ ಆಗಿದೆ, ಒಂದೊಂದರಲ್ಲಿ ಒಂದೊಂದು ಲೆಕ್ಕ. ಮಂಗಳವಾರ ಸಂಜೆ 7:40ಕ್ಕೆ ಬಂದದ್ದೇ ಕೊನೆಯದು, 182 ಎಂಬ ಸಂಖ್ಯೆ ಅದರದ್ದು. ಎಲ್ಲಾದರೂ 240 ಎಂದು ಕಂಡರೆ ಅದು ಹಳೆಯದು, ಒಂದೇ ಕೋರ್ಸ್ ಎರಡೆರಡು ಸಲ ಎಣಿಕೆಯಾಗಿತ್ತು.

ಮೇಲಿನ ಸಂಖ್ಯೆಗಳನ್ನು ಆಯಾ ತಂಡಕ್ಕೆ ಫೋನ್ ಮಾಡಿ ಬೆಳಿಗ್ಗೆ ಮತ್ತೊಮ್ಮೆ ಕೇಳಿಕೊಂಡಿದ್ದೇನೆ. ಐದು ಗಂಟೆ ಅನ್ನುವುದೊಂದು ಮಾತ್ರ ಅಂದಾಜು.

ಉತ್ತರಕ್ಕೆ "1 ಹೌದು, 2 ಹೌದು" ಅಂತ ಬರೆದರೆ ಸಾಕು. ನಿಮ್ಮ ಉತ್ತರ ಬಂದ ಕೂಡಲೇ ಆ ಸರಣಿಗೆ ನಾನೇ ತಿಳಿಸಿ, ಇನ್ನು ಮುಂದೆ ನಿಮ್ಮನ್ನು ಸಿಸಿಯಿಂದ ತೆಗೆಯಲು ಹೇಳುತ್ತೇನೆ. 4:30ಕ್ಕೆ ನಿಮ್ಮ ಮೀಟಿಂಗ್ ಮುಗಿಯುವಾಗ ಬಾಗಿಲ ಹತ್ತಿರ ಇರುತ್ತೇನೆ, ಬಾಯಲ್ಲೇ ಹೇಳಿದರೂ ಆಯಿತು.

– ಪ್ರಾಜೆಕ್ಟ್ ಕೋಆರ್ಡಿನೇಟರ್, ಬುಧವಾರ ಬೆಳಿಗ್ಗೆ 11:15