‘ಡಿಸೆಂಬರ್, ಸಂಜೆ ನಾಲ್ಕು’: ಸಂಯೋಜನೆ, ಬೆಳಕು, ಭಾವ

ದೃಶ್ಯಕಲೆಯ ಪದವಿ ಬಿ.ವಿ.ಎ.ಯ ಮೂರನೇ ಸೆಮಿಸ್ಟರ್ ವಿದ್ಯಾರ್ಥಿಯ ಚಿತ್ರಕ್ಕೆ ಬರೆದ ವಿಮರ್ಶೆ. ವಸ್ತು: ಕಲಬುರಗಿ ಕೋಟೆಯ ಜಾಮಾ ಮಸೀದಿಯ ಒಳಭಾಗ. ಕ್ಯಾನ್ವಾಸ್ ಮೇಲೆ ತೈಲವರ್ಣ, ಅಗಲ 36 ಇಂಚು, ಎತ್ತರ 24 ಇಂಚು.

ಚಿತ್ರದ ಮುಂದೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ನಡುವೆ ಕೂತ ಮುದುಕನ ಕೆಂಪು ಶಾಲು. ಆಮೇಲೆ ಪಾರಿವಾಳಗಳು, ಆಮೇಲೆ ಊದಿನ ಹೊಗೆ. ಕಮಾನುಗಳ ಸರದಿ ಬರುವುದು ಕೊನೆಗೆ. ಇಡೀ ಕ್ಯಾನ್ವಾಸಿನಲ್ಲಿ ಚೆನ್ನಾಗಿ ನೋಡಿ, ಚೆನ್ನಾಗಿ ಬರೆದದ್ದು ಕಮಾನುಗಳನ್ನೇ. ಆ ಕಮಾನುಗಳ ಭಾರ, ಅವುಗಳ ಅಡಿಯಿಂದ ನೆಲಕ್ಕೆ ಬಿದ್ದ ಬಿಸಿಲು, ಇವೆರಡೇ ಸಾಕಿತ್ತು. ಸಾಕು ಅನ್ನುವ ಧೈರ್ಯ ನಿನಗೆ ಬರಲಿಲ್ಲ, ಅದಕ್ಕೇ ಉಳಿದದ್ದೆಲ್ಲ ಬಂದು ಸೇರಿದೆ. ಕೆಳಗಿನ ಮಾತೆಲ್ಲ ಇದರ ಸುತ್ತಲೇ ಇದೆ.

ಮೊದಲು ಸಂಯೋಜನೆ. ನೋಡುವವರು ಪೂರ್ವದ ಕಡೆ ನೆಲದ ಮೇಲೆ ಕೂತು ಪಶ್ಚಿಮಕ್ಕೆ ಮುಖ ಮಾಡಿದ್ದಾರೆ. ಎಡಕ್ಕೆ ದಕ್ಷಿಣದ ಕಮಾನು ಸಾಲು, ಬಲಕ್ಕೆ ಒಳಗಿನ ಕಂಬಗಳ ಕತ್ತಲು. ಕಣ್ಣಿನ ಮಟ್ಟವನ್ನು ಕೆಳಗಿನಿಂದ 7 ಇಂಚಿಗೇ ಇಟ್ಟದ್ದು ಒಳ್ಳೆಯ ನಿರ್ಧಾರ. ಕೂತವರ ಕಣ್ಣಿನಿಂದ ನೋಡಿದ್ದರಿಂದಲೇ ಮೇಲಿನ 17 ಇಂಚು ಕಲ್ಲು ಗಾರೆಯ ತೂಕವಾಗಿ ತಲೆಯ ಮೇಲೆ ಬಂದು ನಿಲ್ಲುತ್ತದೆ. ದೂರಕ್ಕೆ ಸಾಗುವ ಗೆರೆಗಳೆಲ್ಲ ಕೂಡುವ ವ್ಯಾನಿಶಿಂಗ್ ಪಾಯಿಂಟನ್ನು ನಡುಮಧ್ಯಕ್ಕೆ, ಅಂದರೆ 18ಕ್ಕೆ ಇಡದೆ ಎಡದಿಂದ 22 ಇಂಚಿಗೆ ಸರಿಸಿದ್ದೂ ಸರಿ. ಎಡದ ಸಾಲಿಗೆ ಉದ್ದ ಸಿಕ್ಕಿತು, ಬಲಕ್ಕೆ ಇಕ್ಕಟ್ಟಾದ ಕತ್ತಲು ಸಿಕ್ಕಿತು. ಬಲಗಡೆಯ ಆ ಖಾಲಿ ಕತ್ತಲನ್ನು ಯಾರು ಏನೇ ಹೇಳಿದರೂ ತುಂಬಬೇಡ.

ತಪ್ಪಿರುವುದು ಕಂಬಗಳ ಅಂತರ. ಮೊದಲನೇ ಕಂಬದ ಅಂಚು ಎಡದಿಂದ 4 ಇಂಚಿಗಿದೆ, ಎರಡನೆಯದು 10ಕ್ಕೆ. ಇವೆರಡು ನಿಂತ ಮೇಲೆ ಮೂರನೆಯದರ ಜಾಗ ನಮ್ಮ ಕೈಯಲ್ಲಿಲ್ಲ, ಅದು ಲೆಕ್ಕದಲ್ಲೇ ನಿಗದಿಯಾಗಿ ಹೋಗುತ್ತದೆ. ವ್ಯಾನಿಶಿಂಗ್ ಪಾಯಿಂಟಿನಿಂದ ಮೊದಲನೇ ಕಂಬ 18 ಇಂಚು ದೂರ, ಎರಡನೆಯದು 12. ಹಾಗಾದರೆ ಮೂರನೆಯದು 9, ನಾಲ್ಕನೆಯದು 7.2 ಇಂಚು ದೂರ ಇರಬೇಕು. ಎಡ ಅಂಚಿನಿಂದ ಅಳೆದರೆ 13 ಮತ್ತು 14.8. ನೀನು ಬರೆದಿರುವುದು 14 ಮತ್ತು 18ಕ್ಕೆ. ಅಂತರ 6, 3, 1.8 ಎಂದು ಕುಗ್ಗುವ ಬದಲು 6, 4, 4 ಆಗಿದೆ. ಹೀಗಾಗಿ ಮೂರನೇ ಕಮಾನು ಮುಟ್ಟುವಲ್ಲಿಗೆ ಮಸೀದಿ ಒಳಗೆ ಹೋಗುವುದನ್ನು ನಿಲ್ಲಿಸಿ ನಾಟಕದ ಪರದೆಯ ಹಾಗೆ ಅಡ್ಡ ನಿಂತುಬಿಡುತ್ತದೆ. ಲೆಕ್ಕ ಬೇಡವೆಂದರೆ ಚಾಕ್‌ಪೀಸಿನಿಂದ ಹೀಗೆ ನೋಡು: ಮೊದಲನೇ ಕಂಬದ ತಲೆಯಿಂದ ಎರಡನೇ ಕಂಬದ ಎತ್ತರದ ಅರ್ಧಕ್ಕೆ ಒಂದು ಗೆರೆ ಎಳೆದು ಹಾಗೇ ಮುಂದುವರಿಸು. ಕಂಬಗಳ ಬುಡದ ಗೆರೆಯನ್ನು ಅದು ಎಲ್ಲಿ ಮುಟ್ಟುತ್ತದೋ ಅದೇ ಮೂರನೇ ಕಂಬದ ಬುಡ.

ಅಂತರ ತಪ್ಪಿದ್ದರಿಂದಲೇ ಮೂರನೇ ಕಮಾನು ಅಗಲವಾಗಿ, ಅದನ್ನು ಸರಿದೂಗಿಸಲು ನೀನು ಎತ್ತರವನ್ನೂ ಏರಿಸಿದ್ದೀ. ಈ ಕಟ್ಟಡದ ಗುಣವೇ ಅಲ್ಲಿ ಕೈತಪ್ಪುತ್ತದೆ. ಕುಳ್ಳ ಕಂಬಗಳ ಮೇಲೆ ತಗ್ಗಿನಲ್ಲೇ ಹುಟ್ಟಿ ಅಗಲಕ್ಕೆ ಚಾಚಿಕೊಳ್ಳುವುದು ಇಲ್ಲಿನ ಪಕ್ಕದ ಕಮಾನುಗಳ ಸ್ವಭಾವ. ಮೊದಲ ಎರಡರಲ್ಲಿ ಅದು ಬಂದಿದೆ. ಮೂರನೆಯದು ಬೇರೆ ಯಾವುದೋ ಊರಿನ ಮಸೀದಿಯದು.

ಮುದುಕನ ವಿಷಯ. ಆಕೃತಿ 18 ಇಂಚಿಗೆ, ಅಳೆದಿಟ್ಟ ಹಾಗೆ ನಟ್ಟನಡುವೆ ಇದೆ. ಅವನ ಟೋಪಿಯ ಅಂಚು ಹಿಂದಿನ ಕಮಾನಿನ ಗೆರೆಯನ್ನು ಮುಟ್ಟಿಯೂ ಮುಟ್ಟದ ಹಾಗಿರುವುದರಿಂದ ಯಾವುದು ಮುಂದೆ, ಯಾವುದು ಹಿಂದೆ ತಿಳಿಯುವುದಿಲ್ಲ. ಇನ್ನೂ ದೊಡ್ಡ ತೊಡಕು ಅವನ ಕಣ್ಣು 9 ಇಂಚಿನಲ್ಲಿರುವುದು. ನೋಡುವವರು ಕೂತಿದ್ದಾರೆ, ಅವನೂ ಅದೇ ನೆಲದ ಮೇಲೆ ಕೂತಿದ್ದಾನೆ. ಎಷ್ಟೇ ದೂರ ಕೂತರೂ ಅವನ ಕಣ್ಣು ಹೆಚ್ಚುಕಡಿಮೆ 7 ಇಂಚಿನ ಗೆರೆಯ ಮೇಲೇ ಬರಬೇಕು. ಈಗ ಅವನು ಕಾಣದ ಕಟ್ಟೆಯ ಮೇಲೆ ಕೂತ ಹಾಗಿದೆ. ಅವನು ಇರಲೇಬೇಕು ಅಂದರೆ ಬಲಗಡೆ 27 ಇಂಚಿನ ಸುಮಾರಿಗೆ, ಕತ್ತಲ ಅಂಚಿಗೆ ಕೂರಿಸು. ಬುಡ 5 ಇಂಚಿಗೆ, ಕಣ್ಣು 7ಕ್ಕೆ. ಅಂದರೆ ತಲೆ ಸೇರಿ ಎರಡೂಕಾಲು ಇಂಚಿನ ಆಕೃತಿ. ಇಷ್ಟು ಸಣ್ಣದಾ ಅನ್ನಿಸಬಹುದು. 17ನೇ ಶತಮಾನದ ಡಚ್ ಕಲಾವಿದ ಪೀಟರ್ ಸಾನ್ರೆಡಾಮನ ಚರ್ಚಿನ ಒಳಾಂಗಣಗಳನ್ನು ತೆಗೆದು ನೋಡು. ಬಿಳಿ ಗೋಡೆ, ತಗ್ಗಿನ ಕಣ್ಣಿನ ಮಟ್ಟ, ಎಲ್ಲೋ ಮೂಲೆಯಲ್ಲಿ ಪುಟ್ಟ ಮನುಷ್ಯರು. ಕಟ್ಟಡದ ಅಳತೆ ನಮಗೆ ಗೊತ್ತಾಗುವುದು ಆ ಪುಟ್ಟ ಮನುಷ್ಯರಿಂದಲೇ.

ಇನ್ನು ಬೆಳಕು. 1367ರ ಈ ಮಸೀದಿಗೆ ಬೇರೆ ಮಸೀದಿಗಳಲ್ಲಿರುವ ಹಾಗೆ ತೆರೆದ ಅಂಗಳವಿಲ್ಲ, ಪೂರ್ತಿ ಚಾವಣಿಯ ಅಡಿಯಲ್ಲಿದೆ. ನಮಾಜಿಗೆ ಮುಖ ಮಾಡುವ ಕಿಬ್ಲಾ ಗೋಡೆ ಇರುವ ಪಶ್ಚಿಮ ಮುಚ್ಚಿದೆ. ಬಿಸಿಲು ಒಳಗೆ ಬರಬೇಕಾದದ್ದು ಮುಖ್ಯವಾಗಿ ಪಕ್ಕದ ಕಮಾನುಗಳಿಂದ. ಸಂಜೆಯ ಚಿತ್ರ ಎಂದು ಹಿಂದಿನ ಗೋಡೆಗೆ ಬಳಿದ ಹೊಂಬಣ್ಣ ಅದಕ್ಕೇ ಅಸಾಧ್ಯ. ಆ ಹೊತ್ತಿಗೆ ಸೂರ್ಯ ಇರುವುದೇ ಆ ಗೋಡೆಯ ಆಚೆ ಬದಿಗೆ.

ಎಡಗಡೆಯಿಂದ ಬಿಸಿಲು ತಂದದ್ದು ಮಾತ್ರ ನಿಜ. ಡಿಸೆಂಬರಿನಲ್ಲಿ ನಮ್ಮಲ್ಲಿ ಸಂಜೆ ನಾಲ್ಕಕ್ಕೆ ಸೂರ್ಯ ನೈಋತ್ಯದಲ್ಲಿ, ನೆಲದಿಂದ ಸುಮಾರು 22 ಡಿಗ್ರಿ ಎತ್ತರದಲ್ಲಿರುತ್ತಾನೆ. ಇದೇ ಚಿತ್ರವನ್ನು ಜೂನಿನಲ್ಲಿ ಬರೆದಿದ್ದರೆ ದಕ್ಷಿಣದ ಕಮಾನಿನಿಂದ ನೇರ ಬಿಸಿಲೇ ಬರುತ್ತಿರಲಿಲ್ಲ. ಆಗ ಆ ಹೊತ್ತಿಗೆ ಸೂರ್ಯ ವಾಯವ್ಯಕ್ಕಿರುತ್ತಾನೆ. ಆದರೆ ನೈಋತ್ಯದ ಬಿಸಿಲು ಈಶಾನ್ಯಕ್ಕೆ ಬೀಳಬೇಕು. ಪಶ್ಚಿಮಕ್ಕೆ ನೋಡುತ್ತ ಕೂತವರಿಗೆ ಅದು ಬಲಕ್ಕೂ ತಮ್ಮ ಕಡೆಗೂ ಚಾಚಿ ಬಂದ ಹಾಗೆ ಕಾಣಬೇಕು. ನೀನು ನೆಲದ ಮೇಲೆ ಬರೆದ ಬಿಸಿಲಿನ ಪಟ್ಟಿಗಳು ನಮ್ಮಿಂದ ದೂರಕ್ಕೆ ಓರೆಯಾಗಿ ಓಡುತ್ತಿವೆ. ಅದು ಬೆಳಿಗ್ಗೆಯ ಬಿಸಿಲು. ಕಂಬದ ನೆರಳು ನಾಲ್ಕು ಗಂಟೆಗೆ ಕಂಬದ ಎತ್ತರದ ಹತ್ತಿರ ಹತ್ತಿರ ಎರಡೂವರೆ ಪಟ್ಟು ಉದ್ದ ಬಿದ್ದಿರಬೇಕು, ನಿನ್ನದರಲ್ಲಿ ಒಂದು ಪಟ್ಟೂ ಇಲ್ಲ. ಪಟ್ಟಿಗಳ ದಿಕ್ಕು ತಿರುಗಿಸಿದರೆ ಇನ್ನೊಂದು ಲಾಭವಿದೆ. ಅವು ನೋಡುವವರ ಕಾಲ ಬುಡಕ್ಕೇ ಬರುತ್ತವೆ, ಕಣ್ಣನ್ನು ಅಲ್ಲಿಂದ ಹಿಡಿದು ಕಂಬದ ಸಾಲಿಗೆ ಒಯ್ಯುತ್ತವೆ. ಕೆಂಪು ಶಾಲು ಮಾಡಬೇಕಿದ್ದ ಕೆಲಸವನ್ನು ಅವೇ ಮಾಡುತ್ತವೆ.

ನೆರಳು ಅತಿ ಕಪ್ಪಾಗಿದೆ. ಬಿಳಿಯಿಂದ ಕಪ್ಪಿಗೆ ಒಂದರಿಂದ ಹತ್ತು ಎಂದು ಟೋನ್ ಎಣಿಸಿದರೆ ನಿನ್ನ ನೆರಳಿನ ಗೋಡೆ 8ಕ್ಕಿದೆ. ಸುಣ್ಣದ ಗಾರೆಯ ಗೋಡೆ ನೆರಳಿನಲ್ಲಿದ್ದರೂ ಬಿಳಿ ಗೋಡೆಯೇ. 5ಕ್ಕಿಂತ ಕಪ್ಪಾಗಬಾರದು. ಇದು ಮೊಬೈಲ್ ಫೋಟೊ ಕೊಟ್ಟ ತಪ್ಪು ಸಾಕ್ಷಿ. ಹೊರಗಿನ ಬಿಸಿಲಿಗೆ ಹೊಂದಿಕೊಂಡ ಕ್ಯಾಮೆರಾ ಒಳಗಿನದನ್ನೆಲ್ಲ ಕತ್ತಲಲ್ಲಿ ಮುಳುಗಿಸುತ್ತದೆ. ಕಣ್ಣು ಹಾಗೆ ನೋಡುವುದಿಲ್ಲ.

ಇದರಿಂದ ಆದ ನಷ್ಟ ಕಮಾನಿನ ಹೊಟ್ಟೆಯಲ್ಲಿ ಎದ್ದು ಕಾಣುತ್ತದೆ. ಕಮಾನಿನ ಅಡಿಭಾಗ ನೆಲವನ್ನು ನೋಡುತ್ತಿರುತ್ತದೆ. ನೆಲಕ್ಕೆ ಬಿದ್ದ ಬಿಸಿಲು ಪುಟಿದು ಅಲ್ಲಿಗೇ ಹೋಗುತ್ತದೆ. ಹಾಗಾಗಿ ಅಡಿಭಾಗ ಕಂಬದ ನೆರಳು ಮಗ್ಗುಲಿಗಿಂತ ತಿಳಿಯಾಗಿ, ಬೆಚ್ಚಗೆ ಇರಬೇಕು. ನೀನು ಚಿತ್ರದಲ್ಲೇ ಅತ್ಯಂತ ಕಪ್ಪನ್ನು ಅಲ್ಲಿ ತುಂಬಿದ್ದೀ. ಅಲ್ಲಿಗೆ ಯೆಲ್ಲೋ ಆಕರ್, ಬಿಳಿ, ಚಿಟಿಕೆಯಷ್ಟು ಬರ್ಂಟ್ ಸಿಯೆನ್ನಾ. ಕಂಬದ ಮಗ್ಗುಲಿಗೆ ಅಲ್ಟ್ರಾಮರೀನ್, ಬರ್ಂಟ್ ಅಂಬರ್, ಬಿಳಿ ಬೆರೆಸಿ ಶಹಾಬಾದ್ ಫರ್ಸಿಯ ಹಾಗಿನ ನೀಲಿ ಬೂದು ತಂದುಕೋ. ಐವರಿ ಬ್ಲ್ಯಾಕ್ ಟ್ಯೂಬನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇಡು.

ಇದು ನಿನಗೆ ಬಾರದ ವಿದ್ಯೆ ಅಲ್ಲ. ಮೊದಲನೇ ಕಂಬದ ಬಲ ಅಂಚನ್ನು ಹತ್ತಿರದಿಂದ ನೋಡು, ನೆಲದಿಂದ ಒಂದು ಗೇಣು ಮೇಲೆ. ಅರ್ಧ ಇಂಚು ಅಗಲದ ಒಂದು ಜಾಗದಲ್ಲಿ ಬೆಚ್ಚನೆ ಆಕರ್ ಬಣ್ಣ ನೀಲಿ ಬೂದಿಗೆ ತಿರುಗುತ್ತದೆ. ನಡುವೆ ಗೆರೆಯಿಲ್ಲ. ಬ್ರಶ್ಶನ್ನು ಮೇಲಿನಿಂದ ಕೆಳಗೆ ಒಮ್ಮೆ ಎಳೆದು ಬಿಟ್ಟಿದ್ದೀ, ಮತ್ತೆ ತಿದ್ದಿಲ್ಲ. ಗಾರೆಯ ಮೂಲೆ ಸವೆದು ದುಂಡಗಾದದ್ದು ಬೆರಳಿಗೆ ಸಿಗುವ ಹಾಗಿದೆ. ಉಳಿದ ಕಂಬಗಳ ಅಂಚಿಗೆ ಯಾಕೆ ಕಪ್ಪು ಗೆರೆ ಹಾಕಿದೆ?

ಭಾವದ ಬಗ್ಗೆ ಉದ್ದ ಮಾತು ಬೇಕಿಲ್ಲ. ಚಿತ್ರದ ಜೊತೆ ಕೊಟ್ಟ ನಿನ್ನ ಬರಹದಲ್ಲಿ ‘ಭಕ್ತಿ, ಶಾಂತಿ, ಪ್ರಾಚೀನತೆ’ ಎಂದು ಮೂರನ್ನೂ ಬರೆದಿದ್ದೀ. ಚಿತ್ರದಲ್ಲಿ ನಿಜವಾಗಿ ಇರುವುದು ಕಾಯುವಿಕೆ: ಖಾಲಿ ಜಾಗ, ತಗ್ಗು ಕಮಾನು, ಇನ್ನೇನು ಸರಿದುಹೋಗಲಿರುವ ಬಿಸಿಲು. ಹೊಗೆ ಭಕ್ತಿಯ ಚೀಟಿ ಅಂಟಿಸುತ್ತದೆ, ಅಷ್ಟೇ. ಪಾರಿವಾಳಗಳು ಹತ್ತಿರದವೂ ದೂರದವೂ ಒಂದೇ ಅಳತೆಯಲ್ಲಿದ್ದು ಕಷ್ಟಪಟ್ಟು ತಂದ ಆಳವನ್ನು ಹಾಳು ಮಾಡುತ್ತವೆ. ಮುದುಕನ ಭುಜದ ಹೊಂಬಣ್ಣದ ಅಂಚು ಎಲ್ಲಿಂದ ಬಂತೆಂದು ಕಲಬುರಗಿಯವರಿಗೆ ಹೇಳಬೇಕಿಲ್ಲ. ಈ ಊರಿನವರೇ ಆದ ಕಲಾವಿದ ಎಸ್.ಎಂ. ಪಂಡಿತರ (1916–1993) ಪೌರಾಣಿಕ ಚಿತ್ರಗಳಲ್ಲಿ ಆ ಬೆಳಕಿಗೆ ರಂಗಸ್ಥಳದ ನ್ಯಾಯವಿದೆ, ಆಕೃತಿಯೇ ಅಲ್ಲಿ ಎಲ್ಲವೂ. ಇಲ್ಲಿ ಹಿಂದಿನಿಂದ ಹಾಗೆ ಬೆಳಗಲು ದೀಪವೇ ಇಲ್ಲ.

ತಿದ್ದುವಾಗ ಈ ಕ್ರಮ ಹಿಡಿ. ಮೊದಲು ಹೊಗೆ, ಪಾರಿವಾಳ, ಶಾಲಿನ ಉಬ್ಬು ಬಣ್ಣವನ್ನು ಪ್ಯಾಲೆಟ್ ನೈಫಿನಿಂದ ಕೆರೆದು ತೆಗೆ. ಬಣ್ಣ ಬಳಿದು ಮುಚ್ಚಿದರೆ ಕೆಳಗಿನ ಉಬ್ಬು ಪಕ್ಕದ ಬೆಳಕಿನಲ್ಲಿ ಕಂಡೇ ಕಾಣುತ್ತದೆ. ಕಮಾನಿನ ಹೊಟ್ಟೆಯಲ್ಲಿ ದಪ್ಪಗೆ ಬಳಿದ ಐವರಿ ಬ್ಲ್ಯಾಕನ್ನೂ ಕೆರೆ. ಅದು ನಿಧಾನ ಒಣಗುವ ಬಣ್ಣ, ಅಂಬರ್ ಬೇಗ ಒಣಗುತ್ತದೆ. ಹಸಿ ಕಪ್ಪಿನ ಮೇಲೆ ಅಂಬರ್ ಕೂತರೆ ಮುಂದೆ ಬಿರುಕು ಬಿಡುತ್ತದೆ. ಬಲಗಡೆಯ ಕತ್ತಲಲ್ಲಿ ಅಲ್ಲಲ್ಲಿ ಬಣ್ಣ ಕಳೆಗುಂದಿ ಬೂದಿ ಬಳಿದಂತಾಗಿದೆ, ಟರ್ಪೆಂಟೈನ್ ಜಾಸ್ತಿಯಾಗಿ ಎಣ್ಣೆ ಕೆಳಗೆ ಇಂಗಿದ್ದರಿಂದ. ಆ ಜಾಗ ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಲಿನ್ಸೀಡ್ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ ಬಟ್ಟೆಯಿಂದ ತೆಳ್ಳಗೆ ಒರೆಸು, ಹೆಚ್ಚಾದದ್ದನ್ನು ಒಣ ಬಟ್ಟೆಯಿಂದ ತೆಗೆದುಬಿಡು. ನಿಜವಾದ ಟೋನ್ ಮೇಲೆ ಬರುತ್ತದೆ, ಆಮೇಲೆ ಅಲ್ಲಿ ಏನು ತಿದ್ದಬೇಕೋ ನಿರ್ಧರಿಸು. ಮೂರನೇ, ನಾಲ್ಕನೇ ಕಂಬಗಳನ್ನು ಚಾಕ್‌ಪೀಸಿನಲ್ಲಿ ಗುರುತಿಸಿ ಹತ್ತು ಅಡಿ ಹಿಂದೆ ಸರಿದು ನೋಡಿದ ಮೇಲೆಯೇ ಬ್ರಶ್ ಹಿಡಿ. ವಾರ್ನಿಷ್ ಆರು ತಿಂಗಳು ಬೇಡ, ಪ್ರದರ್ಶನ ಹತ್ತಿರ ಬಂದರೂ ಬೇಡ.