ರೇಣುಕಾಳಿಗೆ, ಕಾದಂಬರಿಗೆ ಆಗಬಹುದಾದ ಕೆಲವು ಎಳೆಗಳು

ಗದಗ

ಪ್ರೀತಿಯ ರೇಣುಕಾ,

ನೀನು ಕಳಿಸಿದ ಹಾಳೆಗಳನ್ನು ಎರಡು ಸಲ ಓದಿದೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಆ ಸಂಜೆಯ ವರ್ಣನೆ ಚಲೋ ಇದೆ. ನವಲೂರಿನ ಹತ್ತಿರ ಮಳೆ ಶುರುವಾಗುವ ಸಾಲುಗಳನ್ನು ನಿನ್ನ ಕಾಕಿಗೂ ಓದಿ ಹೇಳಿದೆ. ಆದರೆ ಬಸ್ಸಿನಲ್ಲಿ ಕೂತವರಲ್ಲಿ ಒಬ್ಬರಿಗೂ ಏನೂ ಬೇಕಾಗಿಲ್ಲ. ಎಲ್ಲರೂ ಕಿಟಕಿಯ ಹೊರಗೆ ನೋಡುತ್ತಾರೆ, ಅಷ್ಟೇ. "ಬರೆಯೋಕೆ ಆಸೆ ಇದೆ ಕಾಕಾ, ಕತೆಯೇ ಇಲ್ಲ" ಅಂತ ನೀನು ಬರೆದದ್ದು ಇದಕ್ಕೇ ಇರಬೇಕು. ಒಬ್ಬರಿಗೆ ಏನೋ ಬೇಕು, ಅದು ಸಿಗಬೇಕಾದರೆ ಅವರು ಬಚ್ಚಿಟ್ಟಿದ್ದು ಹೊರಗೆ ಬರಬೇಕು. ಇಂಥ ಇಕ್ಕಟ್ಟು ಎಲ್ಲಿ ಕಂಡರೂ ನಾನು ಗುರುತು ಹಾಕಿಟ್ಟುಕೊಳ್ಳುತ್ತೇನೆ. ನಾನು ಬರೆಯುವವನಲ್ಲ, ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವನು. ಹಾಗಾಗಿ ನನ್ನ ಹತ್ತಿರ ಇದ್ದ ಎಳೆಗಳನ್ನು ನಿನಗೆ ಕೊಡುತ್ತಿದ್ದೇನೆ. ಬೇಕಾದ್ದು ತಗೋ, ಹೆಸರು ಬದಲಿಸು, ಊರು ಬದಲಿಸು.

ಮೊದಲು ನರಗುಂದ. ನನ್ನ ಮನಸ್ಸು ಜಾಸ್ತಿ ಇರುವುದು ಇದರ ಮೇಲೇ.

ಅಲ್ಲಿ ಕೆಲವು ವರ್ಷಗಳಿಂದ ಮನೆಯೊಳಗೆ, ಗಲ್ಲಿಯಲ್ಲಿ ಇದ್ದಕ್ಕಿದ್ದಂತೆ ನೆಲ ಕುಸಿಯುತ್ತಿರುವುದು ನಿನಗೆ ಗೊತ್ತೇ ಇದೆ. ಹಳೆಯ ಊರಿನ ಕೆಳಗೆ ಹಗೇವುಗಳಿವೆ. ಹಿಂದಿನವರು ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಹಾಕಿಡುತ್ತಿದ್ದರು. ಚೀಲಗಳು, ಗೋದಾಮುಗಳು ಬಂದ ಮೇಲೆ ಜನ ಅವನ್ನು ಮರೆತರು. ಮೇಲೆ ಪಡಸಾಲೆ, ಅಡುಗೆಮನೆ ಕಟ್ಟಿಕೊಂಡರು. ಅಂತರ್ಜಲ ಮೇಲೆ ಬಂದು ಈಗ ಅವು ಒಂದೊಂದೇ ಬಾಯಿ ತೆರೆಯುತ್ತಿವೆ ಅನ್ನುತ್ತಾರೆ.

ಇಂಥ ಒಂದು ಮನೆ ತಗೋ. ಅಣ್ಣತಮ್ಮಂದಿರು ಜಗಳಾಡಿ ವಾಟ್ನಿ ಆಗಿ, ನಡುವೆ ಗೋಡೆ ಎದ್ದಿದೆ. ಈ ಕಡೆ ಗಂಗವ್ವ, ಗಂಡ ತೀರಿದ್ದಾನೆ, ಅರವತ್ತು ದಾಟಿದವಳು. ಆ ಕಡೆ ಮೈದುನ ಯಲ್ಲಪ್ಪ ಮತ್ತು ನೆಗೆಣ್ಣಿ ಶಾರವ್ವ. ಮಾತಿಲ್ಲ. ಒಂದು ರಾತ್ರಿ ಗಂಗವ್ವನ ಅಡುಗೆಮನೆಯ ನೆಲ ಜಗ್ಗುತ್ತದೆ. ಬೆಳಗಾದ ಮೇಲೆ ನೋಡಿದರೆ ಹಗೇವಿನ ಬಾಯಿ ಇವಳ ಕಡೆ ಇದೆ, ಹೊಟ್ಟೆ ಗೋಡೆಯ ಕೆಳಗೆ ಹಾದು ಆ ಕಡೆಗೂ ಹರಡಿದೆ. ಗರಸು ತುಂಬಿಸಬೇಕೆಂದರೆ ಇಬ್ಬರೂ ಒಪ್ಪಬೇಕು. ಪರಿಹಾರಕ್ಕೆ ಅರ್ಜಿ ಹಾಕಬೇಕೆಂದರೆ ಉತಾರ ಇನ್ನೂ ಸತ್ತುಹೋದ ಮಾವನ ಹೆಸರಿನಲ್ಲೇ ಇದೆ. ಪುರಸಭೆಯಿಂದ ಬಂದ ಹುಡುಗ ಫೋಟೋ ಬೇಕು, ಆಳ ಅಳೆಯಬೇಕು ಅನ್ನುತ್ತಾನೆ. ಗಂಗವ್ವ ಮಾತ್ರ ಒಂದೇ ಮಾತು ಹಿಡಿದಿದ್ದಾಳೆ. "ಯಾರೂ ಕೆಳಗ ಇಳಿಯೂದು ಬ್ಯಾಡ. ಇವತ್ತ ಮುಚ್ಚಿಬಿಡ್ರಿ."

ಯಾಕೆ?

1972ರ ಬರ. ಗಂಗವ್ವ ಆಗಷ್ಟೇ ಮದುವೆಯಾಗಿ ಬಂದವಳು. ಓಣಿಯವರು ಕಾಳಿಗಾಗಿ ಬಾಗಿಲಿಗೆ ಬಂದಾಗ ಮಾವ ದೇವರ ಮೇಲೆ ಆಣೆ ಮಾಡಿ "ನಮ್ಮಲ್ಲೂ ಇಲ್ಲ" ಅಂದಿದ್ದಾನೆ. ಹಗೇವಿನಲ್ಲಿ ಮಾತ್ರ ಜೋಳ ಇದೆ. ಒಂದು ರಾತ್ರಿ ವ್ಯಾಪಾರಿಗೆ ಮಾರಲು ಮನೆಯವರೇ ಕದ್ದು ಬಾಯಿ ತೆಗೆಯುತ್ತಾರೆ. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆ. ಬಾಯಿ ತೆಗೆದು ಹೊತ್ತು ಬಿಡಬೇಕು, ಕಂದೀಲು ಇಳಿಸಿ ನೋಡಬೇಕು, ದೀಪ ಆರಿದರೆ ಇಳಿಯಬಾರದು. ಇದು ಅವರಿಗೆಲ್ಲ ಗೊತ್ತು. ಆದರೆ ಕಂದೀಲು ಹಚ್ಚಿದರೆ ಓಣಿಗೆ ಬೆಳಕು ಕಾಣುತ್ತದಲ್ಲ? ಕತ್ತಲೆಯಲ್ಲೇ ಕಿರಿಯ ಮಗ ಮಲ್ಲಪ್ಪನನ್ನು ಹಗ್ಗ ಕಟ್ಟಿ ಇಳಿಸುತ್ತಾರೆ. ಹದಿನೆಂಟರ ಹುಡುಗ. ಮೇಲೆ ಎಳೆದಾಗ ಉಸಿರಿಲ್ಲ. ಊರಿಗೆ ಹೇಳಿದ್ದು ಹಾವು ಕಡಿಯಿತು ಅಂತ. ಹಗೇವು ಮುಚ್ಚಿದರು, ಮೇಲೆ ಹಾಸುಗಲ್ಲು ಹಾಕಿದರು. ಮುಂದೆ ಅದೇ ಜಾಗದಲ್ಲಿ ಗಂಗವ್ವ ರೊಟ್ಟಿ ಬಡಿದಳು.

ಕೆಳಗೆ ನಿಧಿ, ಪತ್ರ, ಉಂಗುರ ಏನೂ ಇಡಬೇಡ. ಕೊಳೆತು ಕರ್ರಗೆ ಮೆತ್ತಿಕೊಂಡ ಜೋಳ ಸಾಕು. ಬರದ ವರ್ಷ ಆ ಮನೆಯಲ್ಲಿ ಕಾಳಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಆ ವರ್ಷ ಕೂಸು ಕಳಕೊಂಡವರ ಮನೆ ಇನ್ನೂ ಎದುರಿಗೇ ಇದೆ, ಅವರ ಮೊಮ್ಮಗನೇ ಗರಸಿನ ಟ್ರ್ಯಾಕ್ಟರ್ ಹೊಡೆಯುವವನು.

ಇದರ ಹಿಂದೆ ನೀರಿನ ಕತೆಯೂ ಇದೆ. ಮಲಪ್ರಭೆಯ ಕಾಲುವೆ ಬಂತು, ನೀರಾವರಿ ಆಯಿತು. ಅದರ ಕರದ ಸಿಟ್ಟಿನಲ್ಲಿ 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಎದ್ದರು, ಗೋಲಿಬಾರ್ ಆಯಿತು. 2015ರಿಂದ ಮತ್ತೆ ಮಹದಾಯಿ ನೀರಿಗಾಗಿ ಅಲ್ಲೇ ಪೆಂಡಾಲ್. ಯಲ್ಲಪ್ಪ ಈ ಎರಡೂ ಹೋರಾಟದಲ್ಲಿ ಇದ್ದವನು ಅಂತ ಇಟ್ಟುಕೋ. ಊರಿಗೆಲ್ಲ ದೊಡ್ಡ ಮನುಷ್ಯ. ಹಸಿದವರ ಪರವಾಗಿ ಮೈಕಿನಲ್ಲಿ ಮಾತಾಡಿದವನು, ಅಂದು ರಾತ್ರಿ ಹಗ್ಗದ ಇನ್ನೊಂದು ತುದಿ ಹಿಡಿದವನು. ಅವನನ್ನು ಕಪಟಿ ಅಂತ ಬರೆಯಬೇಡ. ಆ ಹಗ್ಗವೇ ಅವನನ್ನು ಹೋರಾಟಕ್ಕೆ ತಳ್ಳಿರಬಹುದು. ಹಾಗೆ ನೋಡಿದರೆ ಕಾದಂಬರಿ ಕೇಳುವ ಪ್ರಶ್ನೆಯೂ ಅಲ್ಲೇ ಸಿಗುತ್ತದೆ: ಒಂದು ತಪ್ಪಿನಿಂದ ಹುಟ್ಟಿದ ಒಳ್ಳೆಯತನಕ್ಕೆ ಬೆಲೆ ಇದೆಯಾ? ಉತ್ತರ ನನಗೆ ಬೇಡ, ಓದುವವರಿಗೂ ಹೇಳಬೇಡ.

ಕಾಲ ಚಿಕ್ಕದಿರಲಿ. ನೆಲ ಕುಸಿದ ರಾತ್ರಿಯಿಂದ ಹಗೇವು ತುಂಬುವವರೆಗೆ, ಒಂದು ಮಳೆಗಾಲ. ಹೇಳುವವಳು ಗಂಗವ್ವ ಆಗಬಾರದು, ಅವಳಿಗೆ ಎಲ್ಲ ಗೊತ್ತು. ಶಾರವ್ವ ಆದರೆ ಹೇಗೆ? ಆಮೇಲೆ ಬಂದ ಸೊಸೆ, ಗಂಡ ಯಾಕೆ ಕತ್ತಲೆಯಲ್ಲಿ ಮಲಗುವುದಿಲ್ಲ ಅಂತ ಇಷ್ಟು ವರ್ಷ ಯೋಚಿಸಿದವಳು.

ಎರಡನೆಯದು ಧಾರವಾಡದ ಸಪ್ತಾಪುರ. ಕೋಚಿಂಗ್ ಕ್ಲಾಸು, ದಿನಪೂರ್ತಿ ತೆರೆದಿರುವ ಓದುವ ಕೋಣೆಗಳು, ಪಿಜಿ, ಚಹಾದಂಗಡಿಯಲ್ಲಿ ಪ್ರಚಲಿತ ವಿದ್ಯಮಾನದ ಚರ್ಚೆ. ನೀನೂ ಅಲ್ಲಿ ಇದ್ದವಳು, ನನಗಿಂತ ಚೆನ್ನಾಗಿ ಗೊತ್ತು. 2021ರಲ್ಲಿ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ಆಯಿತು, ಅಕ್ರಮ ಹೊರಬಿತ್ತು, 2022ರಲ್ಲಿ ಪಟ್ಟಿಯೇ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ದುಡ್ಡು ಕೊಟ್ಟವನ ಕತೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ನಿನ್ನ ನಾಯಕ ಆ ಪಟ್ಟಿಯಲ್ಲಿ ಪ್ರಾಮಾಣಿಕವಾಗಿ ಓದಿ ಬಂದವನು. ಹೆಸರು ಬಂದ ದಿನ ಊರಲ್ಲಿ ಹಲಗೆ ಬಾರಿಸಿ ಮೆರವಣಿಗೆ ಮಾಡಿದ್ದಾರೆ, ಫ್ಲೆಕ್ಸ್ ಹಾಕಿದ್ದಾರೆ, ಹೆಣ್ಣು ಗೊತ್ತಾಗಿದೆ. ಈಗ ಬೀಗರು ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ನೋಡುವ ರೀತಿ ಬದಲಾಗಿದೆ. ಅಪ್ಪನೇ ಒಂದು ರಾತ್ರಿ ಮೆಲ್ಲಗೆ ಕೇಳುತ್ತಾನೆ: "ಖರೇ ಹೇಳು, ಯಾರಿಗರೆ ಏನರೆ ಕೊಟ್ಟೀಯೇನು? ಕೊಟ್ಟಿದ್ರ ವಾಪಸ್ ಕೇಳೂಣು." ಮಾಡದ ತಪ್ಪನ್ನು ಮಾಡಿಲ್ಲ ಅಂತ ತೋರಿಸುವುದು ಹೇಗೆ? ಇದರ ಕಷ್ಟ ಅಂದರೆ ನಾಯಕ ಸುಮ್ನೆ ಕೊರಗುತ್ತಾ ಕೂತುಬಿಡುತ್ತಾನೆ. ಅವನಿಂದ ಏನಾದರೂ ಮಾಡಿಸು. ನಿಜವಾಗಿ ದುಡ್ಡು ಕೊಟ್ಟಿದ್ದ ಅದೇ ರೂಮಿನ ಗೆಳೆಯನ ಮದುವೆ ಮಾತುಕತೆಗೆ ಸಾಕ್ಷಿಯಾಗಿ ಹೋಗಲಿ, "ಇವನು ಒಳ್ಳೆಯವನು" ಅಂತ ಹೇಳಲಿ.

ಮೂರನೆಯದು ನಿನ್ನ ಬ್ಯಾಂಕಿನ ಹತ್ತಿರವೇ, ಬೆಂಗೇರಿ. ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುವ ಹೆಂಗಸರು. ಇಪ್ಪತ್ತೊಂದು ಅಡಿ ಉದ್ದದ ಧ್ವಜದಿಂದ ಹಿಡಿದು ಆರು ಇಂಚಿನ ಮೇಜಿನ ಧ್ವಜದವರೆಗೆ ಎಲ್ಲದಕ್ಕೂ ಅಳತೆ, ನೂಲಿಗೆ ಲೆಕ್ಕ, ಬಣ್ಣಕ್ಕೆ ಪರೀಕ್ಷೆ, ಚಕ್ರದ ಇಪ್ಪತ್ನಾಲ್ಕು ಗೆರೆ ಬಟ್ಟೆಯ ಎರಡೂ ಬದಿಗೆ ಒಂದೇ ಜಾಗದಲ್ಲಿ ಕೂಡಬೇಕು. 2021ರ ಕೊನೆಗೆ ನಿಯಮ ಬದಲಾಗಿ ಪಾಲಿಯೆಸ್ಟರ್, ಯಂತ್ರದ ಬಟ್ಟೆಗೂ ಅವಕಾಶ ಆಯಿತು. ಅವ್ವ ಖಾದಿ ಧ್ವಜ ಹೊಲಿಯುತ್ತಾಳೆ, ಮಗ ಚನ್ನಮ್ಮ ಸರ್ಕಲ್ಲಿನಲ್ಲಿ ಪಾಲಿಯೆಸ್ಟರ್ ಧ್ವಜ ಮಾರುತ್ತಾನೆ. ಇದು ಯಾರಿಗಾದರೂ ಹೊಳೆಯುವ ಜೋಡಿ, ಅಲ್ವಾ? ಹಾಗಾಗಿ ಮಗನನ್ನು ಬಿಡು. ಅಳತೆ ನೋಡುವ ಹೆಂಗಸನ್ನು ಹಿಡಿ. ಅವಳ ಕೆಲಸ ತಪ್ಪಿದ್ದನ್ನು ವಾಪಸ್ ಹಾಕುವುದು. ಆರ್ಡರ್ ಇಲ್ಲ, ಜೊತೆಯವರ ಕೂಲಿ ಕಮ್ಮಿಯಾಗಿದೆ, ಹೊಲಿದಷ್ಟೇ ದುಡ್ಡು. ಈಗ ಕೂದಲೆಳೆಯಷ್ಟು ಸರಿದ ಚಕ್ರವನ್ನು ಅವಳು ಪಾಸ್ ಮಾಡುತ್ತಾಳಾ? ಹೊರಗೆ ಯಾರೂ ಅಳೆಯದ ಕಾಲದಲ್ಲಿ ಅಳೆಯುವವಳು. ನೂರಿಪ್ಪತ್ತು ಪುಟದ ಸಣ್ಣ ಕಾದಂಬರಿ ಸಾಕು ಇದಕ್ಕೆ.

ನಗು ಬೇಕಿದ್ದರೆ ಹಾವೇರಿಗೆ ಹೋಗು. ಏಲಕ್ಕಿ ಹಾರ ಕಟ್ಟುವವನೊಬ್ಬ. ಚುನಾವಣೆಯ ವರ್ಷ. ಒಂದು ಪಕ್ಷದ ನಾಯಕನಿಗೆ ಹಾಕಿದ ಹಾರ ಎರಡು ದಿನದಲ್ಲಿ ಅವನ ಡ್ರೈವರ್ ಕೈಯಲ್ಲಿ ಅಂಗಡಿಗೆ ಮರಳುತ್ತದೆ, ಅರ್ಧ ಬೆಲೆಗೆ. ಇವನು ಮುತ್ತು, ಜರಿ ಬದಲಿಸಿ ಇನ್ನೊಂದು ಪಕ್ಷಕ್ಕೆ ಮಾರುತ್ತಾನೆ. ಅದೇ ಹಾರ ಮೂರು ಪಕ್ಷ, ಒಂದು ಮಠ, ಒಂದು ಸಾಹಿತ್ಯ ಸಮ್ಮೇಳನ ಸುತ್ತಿ ಬರಲಿ. ಪ್ರತಿ ಅಧ್ಯಾಯಕ್ಕೆ ಒಂದು ಕೊರಳು. ಕೊನೆಗೆ ಅವನ ಮಗಳ ಮದುವೆಗೆ ಯಾರೋ ಗಣ್ಯರು ಅದೇ ಹಾರ ತಂದು ಹಾಕುತ್ತಾರೆ. ಅವನ ಗಂಟನ್ನು ಅವನೇ ಗುರುತು ಹಿಡಿಯುತ್ತಾನೆ. ನಗಿಸುವುದು ಕಷ್ಟದ ಕೆಲಸ. ಆದರೆ ನಿನ್ನ ಪತ್ರಗಳಲ್ಲಿ ಮ್ಯಾನೇಜರನ ಬಗ್ಗೆ ಬರೆಯುವಾಗ ಆ ಕೈಗುಣ ಕಾಣುತ್ತದೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಬಗ್ಗೆಯೂ ಯೋಚಿಸಿದ್ದೆ. ಇಡೀ ದಿನ ಕೈ ಉರಿ, ರಾತ್ರಿ ಕೂಸನ್ನು ಮುಟ್ಟುವ ಹಾಗಿಲ್ಲ. ಚಿತ್ರ ಬಲವಾಗಿದೆ, ಎಳೆ ಇನ್ನೂ ಸಿಕ್ಕಿಲ್ಲ. ಅದು ನಿನಗೆ ಸಿಗಬಹುದು.

ಇನ್ನು ಎರಡನ್ನು ಮುಟ್ಟಬೇಡ ಅಂತಲೇ ಹೇಳುತ್ತೇನೆ. ನಮ್ಮ ಊರಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಬಂದು ಸಂಗೀತ ಕಲಿತು ದೊಡ್ಡವನಾಗುವ ಕುರುಡ ಹುಡುಗನ ಕತೆ. ಎಲ್ಲರೂ ಅಳುತ್ತಾರೆ, ಬರೆದವರಿಗೆ ಏನೂ ಕಷ್ಟ ಆಗಿರುವುದಿಲ್ಲ. ಆಶ್ರಮವೇ ಬೇಕಿದ್ದರೆ ಅಲ್ಲಿ ಹಾರ್ಮೋನಿಯಂ ರಿಪೇರಿಗೆ ಬರುವ, ಒಂದು ರಾಗವೂ ಹಾಡಲು ಬಾರದ ಮನುಷ್ಯನನ್ನು ಹಿಡಿ. ಎರಡನೆಯದು ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಹೆಬ್ಬಾತುಗಳು. ಅದನ್ನು ಕವಿತೆ ಬರೆಯುವವರಿಗೆ ಬಿಟ್ಟುಕೊಡು.

ನರಗುಂದದ್ದನ್ನು ಹಿಡಿಯುವುದಾದರೆ ಮೊದಲ ಅಧ್ಯಾಯ ನೆಲ ಕುಸಿಯುವುದರಿಂದ ಶುರು ಮಾಡಬೇಡ, ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಉತಾರಕ್ಕಾಗಿ ಗಂಗವ್ವ ಮತ್ತು ಯಲ್ಲಪ್ಪ ಒಂದೇ ಬೆಂಚಿನ ಮೇಲೆ ಕೂತು ಕಾಯುವ ಬೆಳಿಗ್ಗೆಯಿಂದ ಬರೆ. ಎಷ್ಟೋ ವರ್ಷದ ಮೇಲೆ ಅವಳು ಅವನಿಗೆ ಮೊದಲ ಮಾತು ಏನು ಆಡುತ್ತಾಳೆ ಅನ್ನುವುದು ನನಗೂ ಗೊತ್ತಿಲ್ಲ. ಹತ್ತು ಪುಟ ಆದ ಮೇಲೆ ಕಳಿಸು. ಟೈಪ್ ಮಾಡಿ ಬೇಡ, ಕೈಬರಹದಲ್ಲೇ ಇರಲಿ. ನೀನು ಎಲ್ಲೆಲ್ಲಿ ಹೊಡೆದು ಹಾಕಿದ್ದೀಯ ಅನ್ನುವುದನ್ನೂ ನಾನು ಓದಬೇಕು.

ದೀಪಾವಳಿಗೆ ಬಂದರೆ ಒಂದು ದಿನ ಇಬ್ಬರೂ ಬಸ್ ಹತ್ತಿ ನರಗುಂದಕ್ಕೆ ಹೋಗೋಣ. ಹಗೇವಿಗೆ ಇಳಿದು ಕಾಳು ತೆಗೆದ ಹಿರಿಯರು ಅಲ್ಲಿ ಇನ್ನೂ ಇದ್ದಾರೆ. ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಬಾ.

ನಿನ್ನ
ಕಾಕಾ