ನಿನ್ನ ಮನೆ ಒಕ್ಕಲಿಗೆ ಬಾರದ್ದಕ್ಕೆ

ಕುಂಬಳೆ
ಮೇ 15

ಪ್ರೀತಿಯ ಸುಮಾ,

ತಪ್ಪಾಯಿತು. ಕ್ಷಮಿಸು. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು "ಹೋಗ್ಲಿ ಬಿಡು ಮಾರಾಯ್ತಿ, ಅಪ್ಪ ಹೇಗಿದ್ದಾರೆ?" ಅಂತ ಕೇಳುತ್ತೀ. ನಾನು ಅಪ್ಪನ ವಿಷಯ ಹೇಳುತ್ತಾ ಕೂರುತ್ತೇನೆ. ಹೇಳಬೇಕಾದ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಶನಿವಾರ ಮಧ್ಯಾಹ್ನ ನಾನು ಹೊರಟಿದ್ದೆ ಸುಮಾ. ಹೊರಟೇ ಇರಲಿಲ್ಲ ಅಂತ ನೀನು ತಿಳಿದುಕೊಳ್ಳಬಾರದು. ಎರಡು ಗಂಟೆಯ ಬದಿಯಡ್ಕ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಕಾಲ ಬುಡದಲ್ಲಿ ದೊಡ್ಡ ಚೀಲ. ಅದರೊಳಗೆ ಹಳೆ ಸೀರೆ ಸುತ್ತಿದ ಅಮ್ಮನ ಹಿತ್ತಾಳೆ ಉರುಳಿ. ಹಿಂದಿನ ದಿನ ಹುಣಸೆಹುಳಿ ಹಾಕಿ ಎರಡು ಸಲ ತಿಕ್ಕಿದ್ದೆ. ರಾತ್ರಿ ವಾಸ್ತು ಹೋಮದ ಹೊತ್ತಿಗೆ ನಿನ್ನ ಜೊತೆ ಇರಬೇಕು, ಬೆಳಗ್ಗೆ ಬೇಗ ಎದ್ದು ಬಾಗಿಲಿಗೆ ಮಾವಿನೆಲೆ ಕಟ್ಟಬೇಕು, ಆ ಉರುಳಿಯಲ್ಲೇ ಹಾಲು ಉಕ್ಕಬೇಕು. ಇಷ್ಟೂ ನಾವಿಬ್ಬರೇ ಮಾತಾಡಿಕೊಂಡದ್ದು.

ಸೀತಾಂಗೋಳಿ ತಲುಪುವಾಗ ಪಕ್ಕದ ಮನೆಯ ಬೀಫಾತಿಮ್ಮ ಫೋನ್ ಮಾಡಿದರು. ಅಪ್ಪ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದಿದ್ದರು. ಏಳಲು ಆಗುವುದಿಲ್ಲ, ಕಾಲು ಮುಟ್ಟಲು ಬಿಡುವುದಿಲ್ಲ, ಬೇಗ ಬಾ ಅಂದರು. ಅಲ್ಲೇ ಇಳಿದು ಆಟೋ ಹಿಡಿದು ವಾಪಸ್ ಬಂದೆ. ಮಗಳನ್ನು ಬೀಫಾತಿಮ್ಮನ ಮನೆಯಲ್ಲಿ ಬಿಟ್ಟು, ಅಪ್ಪನನ್ನು ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕರಕೊಂಡು ಹೋದೆ. ಸೊಂಟದ ಮೂಳೆ ಮುರಿದಿತ್ತು. ಸೋಮವಾರ ಆಪರೇಷನ್ ಆಯಿತು. ಈಗ ಮನೆಯಲ್ಲಿದ್ದಾರೆ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರೆ. ಗಂಜಿಗೆ ಉಪ್ಪಿನಕಾಯಿ ಕೇಳುವಷ್ಟು ಚೇತರಿಸಿದ್ದಾರೆ.

ಬರಲಾಗದ್ದಕ್ಕೆ ಕಾರಣ ಇದು. ಇದರಲ್ಲಿ ನನ್ನ ತಪ್ಪಿಲ್ಲ ಅಂತ ನೀನೂ ಹೇಳುತ್ತೀ. ನಾನು ಕ್ಷಮೆ ಕೇಳುತ್ತಿರುವುದು ಇದಕ್ಕಲ್ಲ.

ನಿನಗೆ ಹೇಳಲಿಲ್ಲವಲ್ಲ, ಅದಕ್ಕೆ.

ಆ ರಾತ್ರಿ ನಿನ್ನ ಎರಡು ಕಾಲ್ ಬಂತು. ಭಾನುವಾರ ಬೆಳಗ್ಗೆ ಏಳು. ಒಟ್ಟು ಒಂಬತ್ತು. ಕೊನೆಗೆ ಒಂದು ಮೆಸೇಜ್: "ಎಲ್ಲಿದ್ದೀ? ಹಾಲು ಇಡ್ತಿದ್ದೇವೆ." ನಾನು ಎಲ್ಲವನ್ನೂ ನೋಡಿದೆ ಸುಮಾ. ಫೋನ್ ನನ್ನ ಕೈಯಲ್ಲೇ ಇತ್ತು. ಚಾರ್ಜ್ ಇತ್ತು, ರೇಂಜ್ ಇತ್ತು. ನಾನು ತೆಗೆಯಲಿಲ್ಲ.

ಯಾಕೆ ಅಂದರೆ, ಹೊಸ ಮನೆಯಲ್ಲಿ ಹೋಮ ನಡೆಯುವ ಹೊತ್ತಿಗೆ ಆಸ್ಪತ್ರೆಯ ಸುದ್ದಿ ಹೇಳಬಾರದು ಅಂತ ಅನ್ನಿಸಿತು. ನನ್ನ ಅಪ್ಪ ಅಂದರೆ ನಿನಗೆ ಎಷ್ಟು ಜೀವ ಅಂತ ಗೊತ್ತು. ಕೇಳಿದ ತಕ್ಷಣ ನೀನು ಮಣೆಯಿಂದ ಎದ್ದು ಬಂದರೆ? ಬಾರದಿದ್ದರೂ ದಿನವಿಡೀ ಅದೇ ಚಿಂತೆಯಲ್ಲಿ ಬಡಿಸಿದರೆ? ಆರು ವರ್ಷ ಕಾದ ದಿನ ಅದು. ಹಾಳು ಮಾಡಲು ಮನಸ್ಸು ಬರಲಿಲ್ಲ. ಇದು ಸತ್ಯ. ಆದರೆ ಈ ಸತ್ಯ ಮಧ್ಯಾಹ್ನದ ಊಟದವರೆಗೆ ಮಾತ್ರ. ಸಂಜೆ ನಿನ್ನ ಅಂಗಳದ ಚಪ್ಪರ ಖಾಲಿಯಾದ ಮೇಲೆ ನಾನು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಆಗ ಶುರುವಾದದ್ದು ಹೆದರಿಕೆ. ಬೆಳಗ್ಗೆಯಿಂದ ಯಾಕೆ ಎತ್ತಲಿಲ್ಲ ಅಂತ ಕೇಳಿದರೆ ಏನು ಹೇಳಲಿ ಅಂತ. ನಾಳೆ ಮಾಡುತ್ತೇನೆ ಅಂದುಕೊಂಡೆ. ಮಾರನೇ ದಿನ ಆಪರೇಷನ್. ಅದರ ಮಾರನೇ ದಿನ ಇನ್ನೂ ಕಷ್ಟವಾಯಿತು. ದಿನ ಕಳೆದಷ್ಟೂ ನಿನ್ನ ಹೆಸರು ಒತ್ತಲು ಬೆರಳು ಬರಲಿಲ್ಲ. ಹೀಗೆ ಹನ್ನೊಂದು ದಿನ.

ನಿನ್ನೆ ನಿನ್ನ ಅಕ್ಕ ಫೋನ್ ಮಾಡಿದರು. ಅಪ್ಪನ ವಿಷಯ ಯಾರಿಂದಲೋ ತಿಳಿದು ವಿಚಾರಿಸಲು ಮಾಡಿದ್ದು. ಮಾತಿನ ನಡುವೆ ಹೇಳಿದರು. ಮುಹೂರ್ತ 7.35ಕ್ಕೆ. ನೀನು 7.30ರವರೆಗೂ ಗೇಟಿನ ಹತ್ತಿರ ನಿಂತಿದ್ದೆಯಂತೆ. ಭಟ್ಟರು ಎರಡು ಸಲ ಕರೆದರಂತೆ. "ಅವಳು ಉರುಳಿ ತರ್ತಾಳೆ, ಒಂದು ನಿಮಿಷ" ಅಂದೆಯಂತೆ. ಕೊನೆಗೆ ಅಡುಗೆಯವರಿಂದ ಒಂದು ಸ್ಟೀಲ್ ಪಾತ್ರೆ ಇಸಕೊಂಡು ಹಾಲು ಇಟ್ಟಿರಂತೆ. ಮಧ್ಯಾಹ್ನ ಕೊನೆಯ ಪಂಕ್ತಿಯಲ್ಲಿ ನಿನ್ನ ಪಕ್ಕ ಒಂದು ಎಲೆ ಹಾಕಿಸಿ, ಯಾರನ್ನೂ ಕೂರಿಸದೆ ಇಟ್ಟೆಯಂತೆ.

ಆ ಸ್ಟೀಲ್ ಪಾತ್ರೆಯ ವಿಷಯ ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಶನಿವಾರ ರಾತ್ರಿ ಒಂದೇ ಒಂದು ಮಾತು ಹೇಳಿದ್ದರೆ, "ನಾನು ಬರಲಾಗುವುದಿಲ್ಲ, ಉರುಳಿಗೆ ಕಾಯಬೇಡ" ಅಂದಿದ್ದರೆ, ನೀನು ಅಕ್ಕಪಕ್ಕದ ಮನೆಯಿಂದ ಒಂದು ಉರುಳಿ ತರಿಸುತ್ತಿದ್ದೆ. ನಿನ್ನ ಮನೆಯ ಮೊದಲ ಹಾಲು ಅವಸರದಲ್ಲಿ ಸಿಕ್ಕಿದ ಪಾತ್ರೆಯಲ್ಲಿ ಉಕ್ಕಬೇಕಾಗಿರಲಿಲ್ಲ. ಕಾರಣವನ್ನೂ ಹೇಳಬೇಕಾಗಿರಲಿಲ್ಲ. ಆ ಒಂದು ಮಾತು ಸಾಕಿತ್ತು. ನನಗೆ ಅದು ಹೊಳೆಯಲೇ ಇಲ್ಲ. ಅಪ್ಪನ ನೋವಿನ ಮುಂದೆ ನೀನು ಅಲ್ಲಿ ಕಾಯುತ್ತಿರುತ್ತೀ ಅನ್ನುವುದನ್ನೇ ನಾನು ಸರಿಯಾಗಿ ಯೋಚಿಸಲಿಲ್ಲ. ಸುಮ್ಮನಿದ್ದರೆ ನಿನಗೆ ಒಳ್ಳೆಯದು ಅಂದುಕೊಂಡೆ. ನಿನಗೆ ಅದರಿಂದ ಆದದ್ದು ಕಾಯುವ ಸಂಕಟ ಮಾತ್ರ.

ಆ ಉರುಳಿ ಬೇರೆ ಯಾವ ಉರುಳಿಯೂ ಅಲ್ಲ ಅಂತ ನಮ್ಮಿಬ್ಬರಿಗೂ ಗೊತ್ತು. ನಿನ್ನ ಅಮ್ಮ ತೀರಿಕೊಂಡ ವರ್ಷ ನಾವು ಎಂಟನೇ ಕ್ಲಾಸ್. ಶಾಲೆ ಬಿಟ್ಟು ನೀನು ನಮ್ಮ ಮನೆಗೆ ಬರುತ್ತಿದ್ದೆ. ನಿನ್ನ ಹುಟ್ಟುಹಬ್ಬಕ್ಕೆ ಅಮ್ಮ ಅದರಲ್ಲೇ ಹೆಸರುಬೇಳೆ ಪಾಯಸ ಮಾಡಿದ್ದರು. ತಳದಲ್ಲಿ ಹಿಡಿದದ್ದನ್ನು ನಾವಿಬ್ಬರೂ ಚಮಚದಲ್ಲಿ ಕೆರೆದು ತಿಂದೆವು. "ನಿನ್ನ ಮನೆ ಒಕ್ಕಲಿಗೆ ಇದರಲ್ಲೇ ಹಾಲು ಉಕ್ಕಿಸುವ ಸುಮಾ" ಅಂತ ಅಮ್ಮ ಆವತ್ತೇ ಹೇಳಿದ್ದು. ಆಗ ನಿಮ್ಮದು ಬದಿಯಡ್ಕದ ಬಾಡಿಗೆ ಮನೆ. ಆಮೇಲೆ ಇನ್ನೊಂದು ಬಾಡಿಗೆ ಮನೆ. ಮದುವೆಯಾದ ಮೇಲೂ ಬಾಡಿಗೆ ಮನೆಯೇ.

ನೀರ್ಚಾಲಿನಲ್ಲಿ ಹತ್ತು ಸೆಂಟ್ಸ್ ಜಾಗ ತೆಗೆದಾಗ ನೀನು ನನಗೇ ಮೊದಲು ಹೇಳಿದೆ. 2019ರಲ್ಲಿ ಕೆಸರುಕಲ್ಲು ಹಾಕಿದ ದಿನ ನಾನಿದ್ದೆ. ಮಾರನೇ ವರ್ಷ ಲಾಕ್‌ಡೌನ್. ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ನಿನ್ನ ಮನೆಯ ಕೆಲಸವೂ ನಿಂತಿತು. ಗೋಡೆ ಸೊಂಟದೆತ್ತರಕ್ಕೆ ಬಂದು, ಕೆಂಪುಕಲ್ಲಿನ ಮೇಲೆ ಪಾಚಿ ಹಿಡಿದು, ಎರಡು ಮಳೆಗಾಲ ಹಾಗೇ ನೆನೆಯಿತು. ಮತ್ತೆ ಸೊಸೈಟಿಯ ಸಾಲ, ಮತ್ತೆ ನಿನ್ನ ಬಳೆ ಅಡವು. ಸ್ಲ್ಯಾಬ್ ಹಾಕಿದ ದಿನ ಕೆಲಸದವರಿಗೆ ನಾವಿಬ್ಬರೇ ಅವಲಕ್ಕಿ, ಚಹಾ ಕೊಟ್ಟದ್ದು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ ಇರುವ ಆಮಂತ್ರಣ ಪತ್ರದ ಪ್ರೂಫ್ ನೋಡಿದ್ದೂ ನಾನೇ. ಪ್ರತಿಯೊಂದಕ್ಕೂ ಇದ್ದೆ. ಒಕ್ಕಲಿಗೆ ಮಾತ್ರ ಇರಲಿಲ್ಲ. ಇದನ್ನು ನೆನೆದಾಗಲೆಲ್ಲ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತದೆ.

ಆಂಬುಲೆನ್ಸ್ ತಲಪಾಡಿ ದಾಟುವಾಗ ಆ ವರ್ಷದ ನೆನಪಾಯಿತು. ಆಗ ಈ ರಸ್ತೆಯಲ್ಲಿ ಆಸ್ಪತ್ರೆಗೆ ಹೋಗಲು ಜನ ಎಷ್ಟು ಕಷ್ಟಪಟ್ಟರು! ಈ ಸಲ ದಾರಿ ತೆರೆದಿದೆ ಅನ್ನುವುದೇ ದೊಡ್ಡ ಸಮಾಧಾನವಾಗಿತ್ತು. ಅಪ್ಪ ನೋವಿನಲ್ಲೂ ನನ್ನ ಚೀಲ ನೋಡಿ, "ಉರುಳಿ ಕೊಟ್ಟು ಬಂದೆಯಾ?" ಅಂತ ಕೇಳಿದರು. ಗಡಿಬಿಡಿಯಲ್ಲಿ ಅದನ್ನು ಮನೆಯಲ್ಲಿ ಇಳಿಸಿಯೇ ಇರಲಿಲ್ಲ. ಏಳು ದಿನ ಅದು ವಾರ್ಡಿನ ಮಂಚದ ಕೆಳಗೆ ಇತ್ತು. ಭಾನುವಾರ ಬೆಳಗ್ಗೆ 7.35ಕ್ಕೆ ನಾನು ಗೋಡೆ ಗಡಿಯಾರ ನೋಡುತ್ತಾ ಕೂತಿದ್ದೆ. ಈಗ ನೀನು ಬಲಗಾಲಿಟ್ಟು ಒಳಗೆ ಹೋದೆ, ಈಗ ಒಲೆ ಹಚ್ಚಿದೆ, ಈಗ ಹಾಲು ಮೇಲೆ ಬರುತ್ತಿದೆ. ಹೀಗೆ ಒಂದೊಂದೇ ಅಂದುಕೊಂಡೆ. ಕೈ ಮುಗಿದೆ. ನಿನಗೆ ಒಳ್ಳೆಯದಾಗಲಿ ಅಂತ ಬಿಟ್ಟು ಬೇರೇನೂ ಕೇಳಿಕೊಳ್ಳಲಿಲ್ಲ. ಅಪ್ಪನಿಗಾಗಿಯೂ ಆ ಹೊತ್ತಿನಲ್ಲಿ ಕೇಳಲಿಲ್ಲ.

ನಿನಗೆ ಸಿಟ್ಟಿದ್ದರೆ ಇಟ್ಟುಕೋ. ಬೇಗ ಮರೆಯಬೇಕು ಅಂತ ಇಲ್ಲ. ನಾನು ನೊಂದುಕೊಳ್ಳುತ್ತೇನೆ ಅಂತ ಸುಮ್ನೆ ನಗುವುದೂ ಬೇಡ. ಬೈಯಬೇಕು ಅನ್ನಿಸಿದರೆ ಎದುರಿಗೇ ಬೈಯಿ, ಕೇಳುತ್ತೇನೆ. ನಿನ್ನ ಗಂಡನಿಗೂ, ಅತ್ತೆಗೂ ನಾನೇ ಬಂದು ಹೇಳುತ್ತೇನೆ. ನನ್ನ ಪರವಾಗಿ ನೀನು ಅವರಿಗೆ ಸಮಾಧಾನ ಹೇಳಬೇಡ. ಆ ಭಾರವನ್ನೂ ನಿನ್ನ ಮೇಲೆ ಹಾಕಲಾರೆ.

ಈ ಶನಿವಾರ ತಮ್ಮ ಬೆಂಗಳೂರಿನಿಂದ ಬರುತ್ತಾನೆ. ಎರಡು ದಿನ ಅಪ್ಪನನ್ನು ನೋಡಿಕೊಳ್ಳುತ್ತಾನೆ. ಭಾನುವಾರ ಬೆಳಗ್ಗೆ ಎಂಟು ಗಂಟೆಯ ಬಸ್ಸಿಗೆ ಹೊರಟು ನಾನೂ ಮಗಳೂ ಬರುತ್ತೇವೆ. ಬೇಡ ಅಂತ ಇದ್ದರೆ ಒಂದು ಮೆಸೇಜ್ ಹಾಕು, ಇನ್ನೊಂದು ವಾರ ಬರುತ್ತೇನೆ. ಬರುವುದಾದರೆ ರಾತ್ರಿ ನಿಂತೇ ಹೋಗುವುದು. ಆ ಶನಿವಾರ ರಾತ್ರಿ ನಿಲ್ಲುತ್ತೇನೆ ಅಂದಿದ್ದೆ ಅಲ್ವಾ? ಅಡುಗೆ ಏನೂ ಜಾಸ್ತಿ ಮಾಡಬೇಡ. ಗುಜ್ಜೆ ಇದ್ದರೆ ಪಲ್ಯ ನಾನೇ ಮಾಡುತ್ತೇನೆ. ನಿನ್ನ ಅಡುಗೆಮನೆಯ ಪೂರ್ವದ ಕಿಟಕಿಯ ಹತ್ತಿರ ನಿಂತು ಮಾಡಬೇಕು ಅಂತ ಆಸೆ. ಪ್ಲಸ್ ಟುವಿನಲ್ಲಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೀಚಿದ್ದ ಕಿಟಕಿ ಅದು. ಅದರಿಂದ ಬರುವ ಬೆಳಕು ನಾನಿನ್ನೂ ನೋಡಿಲ್ಲ.

ಉರುಳಿ ತರುತ್ತೇನೆ. ಈ ಸಲ ವಾಪಸ್ ತರಲಿಕ್ಕಲ್ಲ. ಅಪ್ಪನನ್ನು ಕೇಳಿದೆ. "ಅದು ಅವಳಿಗೆ ಅಂತಲೇ ಇದ್ದದ್ದು" ಅಂದರು. ನಿನ್ನ ಮನೆಯಲ್ಲೇ ಇರಲಿ. ಒಕ್ಕಲು ಆಗಿಹೋಯಿತು, ಆ ಹೊತ್ತು ಮತ್ತೆ ಬರುವುದಿಲ್ಲ ಅಂತ ಗೊತ್ತು. ಆದರೂ ಬಂದ ದಿನ ಅದರಲ್ಲಿ ಹೆಸರುಬೇಳೆ ಪಾಯಸ ಮಾಡಲು ಬಿಡು.

ಇಷ್ಟು ದಿನ ಒಂದು ಮಾತು ಕೇಳಬೇಕು ಅಂತ ಮನಸ್ಸಿನಲ್ಲೇ ಇದೆ. ಅಕ್ಕನ ಹತ್ತಿರ ಕೇಳಬಹುದಿತ್ತು, ಕೇಳಲಿಲ್ಲ. ನಿನ್ನ ಬಾಯಿಂದಲೇ ಕೇಳಬೇಕು. ಹಾಲು ಯಾವ ಕಡೆಗೆ ಉಕ್ಕಿತು ಸುಮಾ?

ನಿನ್ನ
ರೇವತಿ